ಕನ್ನಡ ಪತ್ರಿಕೆಯ ಕೊನೆಯ ಮುಕ್ಕಾಲು ಗಂಟೆ

ಪ್ರಶ್ನೆ: ಸರ್, ನಾನು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿ, ಪ್ರಥಮ ಭಾಷೆ ಕನ್ನಡ. ಪಾಠ, ಪದ್ಯ ಎಲ್ಲ ಓದಿದ್ದೇನೆ. ಆದರೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪತ್ರಕ್ಕೆ ಬರುವ ಹೊತ್ತಿಗೆ ಹದಿನೈದೇ ನಿಮಿಷ ಉಳಿದಿತ್ತು. ಪ್ರಬಂಧ ಐದು ಸಾಲಿಗೆ ನಿಂತುಹೋಯಿತು, ಪ್ರಸ್ತಾರವೂ ತಪ್ಪಾಯಿತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಟ್ಟುಕೊಂಡು ಪ್ರಬಂಧ, ಪತ್ರ, ವ್ಯಾಕರಣವನ್ನು ಸಮಯದೊಳಗೆ ಮುಗಿಸುವಂತೆ ಅಭ್ಯಾಸ ಮಾಡುವುದು ಹೇಗೆ?

ಉತ್ತರ: ಮೊದಲು ಒಂದು ಲೆಕ್ಕ ಮಾಡೋಣ. ಲಿಖಿತ ಪರೀಕ್ಷೆಗೆ 100 ಅಂಕ, ಬರೆಯಲು ಮೂರು ಗಂಟೆ. ಓದಲು ಕೊಡುವ 15 ನಿಮಿಷ ಇದರ ಹೊರಗಿನದು. ಮೂರು ಗಂಟೆಯೆಂದರೆ 180 ನಿಮಿಷ. ಕೊನೆಗೆ ಒಮ್ಮೆ ಕಣ್ಣಾಡಿಸಲು ಹತ್ತು ನಿಮಿಷ ತೆಗೆದಿಟ್ಟರೆ 170 ಉಳಿಯುತ್ತದೆ. ಅಲ್ಲಿಗೆ ಒಂದು ಅಂಕಕ್ಕೆ ಒಂದು ನಿಮಿಷ ನಲವತ್ತು ಸೆಕೆಂಡಿನಷ್ಟು ಸಿಕ್ಕಿತು.

ಇದೇ ಲೆಕ್ಕದಲ್ಲಿ ಎರಡು ಅಂಕದ ಪ್ರಶ್ನೆಗೆ ಸುಮಾರು ಮೂರೂವರೆ ನಿಮಿಷ ಬರುತ್ತದೆ. ಅಂಥ ಪ್ರಶ್ನೆ ಹತ್ತು ಇದ್ದರೆ 34 ನಿಮಿಷ. ಪಾಠ ಚೆನ್ನಾಗಿ ಓದಿಕೊಂಡಿರುವ ಮಕ್ಕಳು ಇಲ್ಲೇ ಎಡವುವುದನ್ನು ನಾನು ವರ್ಷ ವರ್ಷವೂ ನೋಡಿದ್ದೇನೆ. 'ಎರಡು–ಮೂರು ವಾಕ್ಯಗಳಲ್ಲಿ ಉತ್ತರಿಸಿ' ಎಂದು ಪ್ರಶ್ನೆಯ ಮೇಲೆಯೇ ಅಚ್ಚಾಗಿರುತ್ತದೆ. ಆದರೂ ಗೊತ್ತಿರುವುದನ್ನು ಬಿಡಲು ಮನಸ್ಸಾಗದೆ ಏಳೆಂಟು ವಾಕ್ಯ ಬರೆಯುತ್ತಾರೆ. ಒಂದೊಂದಕ್ಕೆ ಐದು ನಿಮಿಷ ಹಿಡಿದರೆ ಹತ್ತಕ್ಕೆ 50 ನಿಮಿಷ. ಹೀಗೆ ಹೆಚ್ಚಿಗೆ ಹೋದ 16 ನಿಮಿಷ ಒಂದು ಪ್ರಬಂಧಕ್ಕೆ ಬೇಕಾಗುವ ಸಮಯ. ನಿನ್ನ ಪ್ರಬಂಧ ಐದು ಸಾಲಿಗೆ ನಿಂತದ್ದಕ್ಕೆ ಕಾರಣ ಬಹುಮಟ್ಟಿಗೆ ಅಲ್ಲೇ ಇರಬೇಕು. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ ಕೈಯಲ್ಲಿದ್ದರೆ ಈಗಲೇ ತೆಗೆದು ಎರಡು ಅಂಕದ ಉತ್ತರಗಳ ಸಾಲು ಎಣಿಸಿ ನೋಡು. ಐದು ಸಾಲು ದಾಟಿದ ಉತ್ತರ ಎಷ್ಟಿವೆ ಎಂಬುದು ಗೊತ್ತಾದರೆ ಸಮಯ ಸೋರಿದ ಜಾಗ ಸಿಕ್ಕಂತೆಯೇ.

ಲೆಕ್ಕದ ಇನ್ನೊಂದು ಮಗ್ಗುಲು ನಿನ್ನ ಪರವಾಗಿದೆ. ಆಯ್ಕೆ ಪ್ರಶ್ನೆ, ಸಂಬಂಧಿಸಿದ ಪದ ಬರೆಯುವುದು, ಒಂದು ವಾಕ್ಯದ ಉತ್ತರ ಇವೆಲ್ಲ ಸೇರಿ ಸುಮಾರು 17 ಅಂಕ ಎಂದುಕೊಳ್ಳೋಣ. ಲೆಕ್ಕದ ಪ್ರಕಾರ ಅವಕ್ಕೆ 29 ನಿಮಿಷ ಇದೆ, ಆದರೆ ಓದಿಕೊಂಡವರಿಗೆ 12 ನಿಮಿಷ ಸಾಕು. ಉಳಿದ 17 ನಿಮಿಷ ನಿನ್ನ ಜೇಬಿನಲ್ಲಿರುವ ದುಡ್ಡಿದ್ದಂತೆ. ಪತ್ರ, ಪ್ರಬಂಧಗಳಿಗೆ ಇತ್ತೀಚಿನ ಪತ್ರಿಕೆಗಳಲ್ಲಿ ತಲಾ ಐದು ಅಂಕ. ಅಂಕದ ಲೆಕ್ಕದಲ್ಲಿ ಒಂದೊಂದಕ್ಕೆ ಎಂಟೂವರೆ ನಿಮಿಷವಷ್ಟೇ ಸಿಗುತ್ತದೆ, ಅದು ಸಾಲದು. ಉಳಿಸಿದ್ದರಲ್ಲಿ ಹತ್ತು ನಿಮಿಷ ಇವಕ್ಕೆ ಸೇರಿಸಿದರೆ ಪತ್ರಕ್ಕೆ 12, ಪ್ರಬಂಧಕ್ಕೆ 15 ಎಂದು ಹಂಚಬಹುದು. ಮಿಕ್ಕ ಏಳು ನಿಮಿಷ ಪ್ರಸ್ತಾರಕ್ಕೂ ಅಲಂಕಾರಕ್ಕೂ ಇರಲಿ. ನಾನು ಮುಂದೆ ಹೇಳುವುದೆಲ್ಲ ಈ ಹಂಚಿಕೆಯ ಮೇಲೆ ನಿಂತಿದೆ. ಅಂಕ ಹಂಚಿಕೆ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುವುದುಂಟು, ಆದ್ದರಿಂದ ಈ ವರ್ಷದ ಮಾದರಿ ಪತ್ರಿಕೆ ಮುಂದಿಟ್ಟುಕೊಂಡು ಇದೇ ಗುಣಾಕಾರವನ್ನು ನೀನೇ ಒಮ್ಮೆ ಮಾಡಿಕೋ.

ಇನ್ನು ಯಾವ ಪತ್ರಿಕೆ ಹಿಡಿಯಬೇಕು ಎಂಬ ಮಾತು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಜಾಲತಾಣದಲ್ಲಿ (kseab.karnataka.gov.in) ಹಿಂದಿನ ಪ್ರಶ್ನೆಪತ್ರಿಕೆಗಳೂ ಮಾದರಿ ಉತ್ತರಗಳೂ ಸಿಗುತ್ತವೆ. 2024, 2025ರಲ್ಲಿ ಪರೀಕ್ಷೆ-1, 2, 3 ಎಂದು ಮೂರು ಸಲ ನಡೆದದ್ದರಿಂದ ಆ ಒಂದೊಂದು ವರ್ಷದಿಂದಲೂ ಮೂರು ಪತ್ರಿಕೆ ದೊರೆಯುತ್ತವೆ. 2021ರ ಪತ್ರಿಕೆಯನ್ನು ಮಾತ್ರ ಸಮಯದ ಅಭ್ಯಾಸಕ್ಕೆ ತೆಗೆದುಕೊಳ್ಳಬೇಡ. ಕೊರೊನಾ ಕಾರಣಕ್ಕೆ ಆ ವರ್ಷ ಬರೀ ಬಹು ಆಯ್ಕೆಯ ಪ್ರಶ್ನೆಗಳಿದ್ದವು, ಓಎಂಆರ್ ಹಾಳೆಯಲ್ಲಿ ಗುರುತು ಹಾಕುವ ಪರೀಕ್ಷೆ ಅದು. ಹಳೆಯ ಪಠ್ಯಕ್ರಮದ ಪತ್ರಿಕೆಗಳನ್ನು ಮಾತ್ರ ಬಿಸಾಡಬೇಡ. ಪಾಠಗಳು ಬದಲಾಗಿರಬಹುದು, ಪತ್ರ, ಪ್ರಬಂಧ, ಗಾದೆ, ಸಂಧಿ, ಸಮಾಸ ಬದಲಾಗಿಲ್ಲ. ಈ ಭಾಗಗಳ ಮಟ್ಟಿಗೆ ಹತ್ತು ವರ್ಷ ಹಿಂದಿನ ಪತ್ರಿಕೆಯೂ ಹೊಸದರಷ್ಟೇ ಕೆಲಸಕ್ಕೆ ಬರುತ್ತದೆ.

ಪತ್ರಿಕೆ ಕೈಗೆ ಬಂದ ದಿನವೇ ಮೂರು ಗಂಟೆ ಕೂತು ಪೂರ್ತಿ ಬರೆಯಲು ಹೋಗಬೇಡ. ಮೊದಲು ನಿನ್ನ ಕೈಯ ವೇಗ ತಿಳಿದುಕೋ. ಗೊತ್ತಿರುವ ಯಾವುದಾದರೂ ವಿಷಯದ ಮೇಲೆ ಐದು ನಿಮಿಷ, ಪರೀಕ್ಷೆಯಲ್ಲಿ ಬರೆಯುವಷ್ಟೇ ಅಂದವಾಗಿ, ನಿಲ್ಲಿಸದೆ ಬರೆ. ಆಮೇಲೆ ಪದ ಎಣಿಸು. ನನ್ನ ತರಗತಿಯ ಹುಡುಗಿಯೊಬ್ಬಳು ಹೀಗೆ ಬರೆದಾಗ 60 ಪದ ಬಂದವು, ಅಂದರೆ ನಿಮಿಷಕ್ಕೆ 12. ಅಲ್ಲಿಯವರೆಗೆ ಅವಳು ಮನೆಯಲ್ಲಿ ಮೂರು ಪುಟದ ಪ್ರಬಂಧಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಪ್ರಬಂಧಕ್ಕೆ ಅವಳ ಬಳಿ ಇದ್ದದ್ದು 15 ನಿಮಿಷ. ಯೋಚಿಸಲು ಮೂರು, ಕೊನೆಗೆ ಓದಲು ಒಂದು ತೆಗೆದರೆ ಬರೆಯಲು ಹನ್ನೊಂದು. ಹನ್ನೊಂದು ನಿಮಿಷದಲ್ಲಿ ಅವಳ ಕೈಗೆ ಬರುವುದು ಸುಮಾರು 130 ಪದ. ಎಂಟೊಂಬತ್ತು ಪದದ ವಾಕ್ಯಗಳಾದರೆ ಹದಿನೈದು ವಾಕ್ಯ. ಮೂರು ಪುಟದ ಪ್ರಬಂಧ ಅವಳ ಗಡಿಯಾರಕ್ಕೆ ಹಿಡಿಸುವ ಮಾತೇ ಇರಲಿಲ್ಲ. ಹದಿನೈದು ವಾಕ್ಯದ, ತಲೆಯೂ ಬಾಲವೂ ಇರುವ ಪ್ರಬಂಧವನ್ನು ಕಟ್ಟುವುದು ಅವಳು ಕಲಿಯಬೇಕಾಗಿದ್ದ ಕೆಲಸ. ನಿನ್ನ ಸಂಖ್ಯೆ ಬೇರೆ ಇರಬಹುದು, ಅದನ್ನು ಎಣಿಸಿಯೇ ತಿಳಿಯಬೇಕು.

ಈಗ ಪ್ರಬಂಧವನ್ನೇ ನೋಡೋಣ. ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಸುತ್ತುವ ವಿಷಯಗಳಲ್ಲಿ 'ಗ್ರಂಥಾಲಯಗಳ ಮಹತ್ವ' ಒಂದು. ಮಾದರಿ ಉತ್ತರ ತೆಗೆದು ನೋಡಿದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಅಂಕ ಹಂಚಿರುವುದು ಕಾಣುತ್ತದೆ. ಉಪಸಂಹಾರ ಬರೆಯದೆ ನಿಂತ ಪ್ರಬಂಧ ಎಷ್ಟೇ ಚೆನ್ನಾಗಿದ್ದರೂ ಆ ಭಾಗದ ಅಂಕವನ್ನು ಮೌಲ್ಯಮಾಪಕರು ಕೊಡಲಾರರು. ಅದಕ್ಕೇ ಯೋಜನೆಯ ಮೂರು ನಿಮಿಷ ಬೇಕು. ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ 'ಚಿತ್ತು ಕೆಲಸ' ಎಂದು ಬರೆದುಕೊಂಡು, ಪೆನ್ಸಿಲಿನಲ್ಲಿ ಐದು ಸಾಲು ಗೀಚಿಕೋ. ವಾಕ್ಯ ಬರೆಯಬೇಡ, ಪದ ಮಾತ್ರ.

ಈ ವಿಷಯಕ್ಕೆ ಆ ಹುಡುಗಿ ಗೀಚಿಕೊಂಡದ್ದು ಹೀಗಿತ್ತು. ಮೊದಲ ಸಾಲಿಗೆ: ಗ್ರಂಥ + ಆಲಯ, ಪುಸ್ತಕಗಳ ಮನೆ. ಎರಡನೆಯದಕ್ಕೆ: ಕೊಳ್ಳಲಾಗದವರಿಗೂ ಪುಸ್ತಕ, ದಿನಪತ್ರಿಕೆ, ಸ್ಪರ್ಧಾತ್ಮಕ ಪರೀಕ್ಷೆ. ಮೂರನೆಯದಕ್ಕೆ: ರಂಗನಾಥನ್, 1965ರ ಕಾಯ್ದೆ, ಅರಿವು ಕೇಂದ್ರ. ನಾಲ್ಕನೆಯದಕ್ಕೆ: ಮೊಬೈಲ್ ಇದ್ದರೂ ಏಕೆ ಬೇಕು, ಡಿಜಿಟಲ್ ಗ್ರಂಥಾಲಯ. ಐದನೆಯದಕ್ಕೆ: ಪುಸ್ತಕ ಹರಿಯದೆ ಹಿಂದಿರುಗಿಸುವುದು, ವಾರಕ್ಕೊಂದು ಪುಸ್ತಕ. ಒಂದೊಂದು ಸಾಲಿಗೆ ಮೂರು ವಾಕ್ಯವೆಂದರೆ ಹದಿನೈದು ವಾಕ್ಯ ಆಗಿಯೇ ಹೋಯಿತು.

ಮೂರನೆಯ ಸಾಲನ್ನು ಗಮನಿಸು. ಭಾರತದಲ್ಲಿ ಗ್ರಂಥಾಲಯ ವಿಜ್ಞಾನವನ್ನು ಕಟ್ಟಿದವರು ಎಸ್. ಆರ್. ರಂಗನಾಥನ್. ಅವರ ಹುಟ್ಟುಹಬ್ಬದ ನೆನಪಿಗೆ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ. 'ಪ್ರತಿ ಓದುಗನಿಗೂ ಅವನ ಪುಸ್ತಕ' ಎಂಬುದು ಅವರ ಐದು ಸೂತ್ರಗಳಲ್ಲಿ ಒಂದು. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎಂದು ಕರೆಯುತ್ತಾರೆ. ಇಷ್ಟು ಮೂರು ವಾಕ್ಯಕ್ಕೆ ಸಾಕಾಗಿ ಮಿಗುತ್ತದೆ. ಒಂದು ವಿಷಯಕ್ಕೆ ಇಂಥ ಎರಡು ಮೂರು ಖಚಿತ ಸಂಗತಿ ಗೊತ್ತಿದ್ದರೆ ಮೌಲ್ಯಮಾಪಕರ ಕಣ್ಣು ಅಲ್ಲಿ ನಿಲ್ಲುತ್ತದೆ. 'ಗ್ರಂಥಾಲಯ ಬಹಳ ಉಪಯುಕ್ತ, ಬಹಳ ಮುಖ್ಯ' ಎಂದು ನಾಲ್ಕು ಸಲ ಬರೆದ ಪ್ರಬಂಧ ಅವರು ಅದೇ ದಿನ ನೋಡಿದ ಹಲವಾರು ಪ್ರಬಂಧಗಳಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಬಾಯಿಪಾಠ ಮಾಡುವುದಿದ್ದರೆ ಇಡೀ ಪ್ರಬಂಧ ಬೇಡ, ವಿಷಯಕ್ಕೆ ಮೂರು ಸಂಗತಿಯಂತೆ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆದಿಟ್ಟುಕೋ. ಹಳೆಯ ಪತ್ರಿಕೆಗಳ ವಿಷಯಗಳನ್ನು ಒಟ್ಟು ಹಾಕಿದರೆ ಅವು ಪರಿಸರ, ಸ್ವಚ್ಛತೆ, ಓದು, ರಾಷ್ಟ್ರೀಯ ಹಬ್ಬ, ಸಾಮಾಜಿಕ ಪಿಡುಗು, ಮಹಿಳೆ, ತಂತ್ರಜ್ಞಾನ ಹೀಗೆ ಕೆಲವೇ ಗುಂಪಿಗೆ ಸೇರುವುದು ನಿನಗೇ ಕಾಣುತ್ತದೆ.

ಪೀಠಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 'ಇಂದಿನ ಆಧುನಿಕ ಯುಗದಲ್ಲಿ ಮಾನವನು ಎಲ್ಲ ಕ್ಷೇತ್ರಗಳಲ್ಲೂ ಮುಂದುವರಿದಿದ್ದಾನೆ' ಎಂದು ಶುರುಮಾಡಲು ಯಾರೋ ಹೇಳಿಕೊಟ್ಟಿರುತ್ತಾರೆ. ಈ ವಾಕ್ಯವನ್ನು ಕಿತ್ತು ಜನಸಂಖ್ಯೆಯ ಪ್ರಬಂಧಕ್ಕೂ ಅಂಟಿಸಬಹುದು, ಕ್ರೀಡೆಯ ಪ್ರಬಂಧಕ್ಕೂ ಅಂಟಿಸಬಹುದು. ಹಾಗೆ ಎಲ್ಲಿ ಬೇಕಾದರೂ ಅಂಟುವ ವಾಕ್ಯ ಪೀಠಿಕೆಯಾಗುವುದಿಲ್ಲ. ಆ ಹುಡುಗಿ ಮೂರನೆಯ ಪ್ರಯತ್ನದಲ್ಲಿ ಬರೆದ ಪೀಠಿಕೆ ಇದು: 'ಗ್ರಂಥಾಲಯ ಎಂದರೆ ಗ್ರಂಥಗಳಿರುವ ಆಲಯ. ಒಬ್ಬರು ಕೊಂಡ ಪುಸ್ತಕವನ್ನು ಒಂದು ಮನೆಯವರು ಓದಿದರೆ, ಗ್ರಂಥಾಲಯದ ಪುಸ್ತಕವನ್ನು ಒಂದು ಊರೇ ಓದುತ್ತದೆ. ಹಣವಿಲ್ಲದವರ ಕೈಗೂ ಜ್ಞಾನವನ್ನು ತಲುಪಿಸುವ ಜಾಗ ಇದು.' ಮೂರೇ ವಾಕ್ಯ, ಎರಡು ನಿಮಿಷದ ಬರವಣಿಗೆ. ಎರಡನೆಯ ವಾಕ್ಯ ಅವಳದೇ ಎಂದು ಓದಿದವರಿಗೆ ಗೊತ್ತಾಗುತ್ತದೆ.

ಅಭ್ಯಾಸಕ್ಕೆ ಕೂರುವಾಗ ದಿನಕ್ಕೊಂದು ಪ್ರಬಂಧ ಪೂರ್ತಿ ಬರೆಯುವ ಅಗತ್ಯವಿಲ್ಲ. ಮೊದಲ ವಾರ ಹಳೆಯ ಪತ್ರಿಕೆಗಳಿಂದ ದಿನಕ್ಕೆ ಮೂರು ವಿಷಯ ಆರಿಸಿ, ಬರೀ ಮೂರು ನಿಮಿಷದ ಯೋಜನೆ ಹಾಕಿ ಬಿಡು. ಒಂದನ್ನು ಮಾತ್ರ ಬರೆ. ಬಹಳಷ್ಟು ಮಕ್ಕಳಿಗೆ ಕೈ ನಿಧಾನವಾಗಿರುವುದಿಲ್ಲ, ಪೆನ್ನು ಹಿಡಿದು 'ಮುಂದೇನು' ಎಂದು ಯೋಚಿಸುವಲ್ಲಿ ಸಮಯ ಹೋಗುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ: ಅಕ್ಕನೋ ಅಮ್ಮನೋ ಪಕ್ಕದಲ್ಲಿ ಕೂತು ಪೆನ್ನು ನಿಂತಾಗಲೆಲ್ಲ ಒಂದು ಗೆರೆ ಹಾಕಲಿ. ಗೆರೆಗಳು ಪ್ಯಾರಾ ಶುರುವಾಗುವ ಕಡೆ ಗುಂಪಾಗಿದ್ದರೆ ಯೋಜನೆ ಸಾಲದು ಎಂದರ್ಥ. ವಾಕ್ಯದ ನಡುನಡುವೆ ಚೆದುರಿದ್ದರೆ ಕಾಗುಣಿತದಲ್ಲೋ ಪದದಲ್ಲೋ ಅನುಮಾನವಿದೆ ಎಂದು ತಿಳಿ.

ಪತ್ರಕ್ಕೆ ಬರೋಣ. ಚೌಕಟ್ಟಿಗೇ ಅಂಕವಿರುವುದರಿಂದ ಪತ್ರದಲ್ಲಿ ಅಂಕ ಕಳೆದುಕೊಳ್ಳುವುದು ತೀರಾ ಬೇಸರದ ಸಂಗತಿ. ಮಂಡಲಿಯ ಧಾಟಿಯಲ್ಲಿ ನಾನೇ ಒಂದು ಪ್ರಶ್ನೆ ಕೊಡುತ್ತೇನೆ: 'ನಿಮ್ಮನ್ನು ರಾಮಪುರದ ಸರ್ಕಾರಿ ಪ್ರೌಢಶಾಲೆಯ ಹತ್ತನೆಯ ತರಗತಿಯ ಮಾಲಾ ಎಂದು ಭಾವಿಸಿ, ನಿಮ್ಮ ಊರಿನ ಬೀದಿದೀಪಗಳನ್ನು ದುರಸ್ತಿ ಮಾಡಿಸುವಂತೆ ಕೋರಿ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯವರಿಗೆ ಪತ್ರ ಬರೆಯಿರಿ.' ಉತ್ತರ ಇಷ್ಟಿದ್ದರೆ ಸಾಕು:

ಇಂದ,
ಮಾಲಾ,
ಹತ್ತನೆಯ ತರಗತಿ,
ಸರ್ಕಾರಿ ಪ್ರೌಢಶಾಲೆ, ರಾಮಪುರ.

ಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ, ರಾಮಪುರ.

ಮಾನ್ಯರೇ,

ವಿಷಯ: ಬೀದಿದೀಪಗಳನ್ನು ದುರಸ್ತಿ ಮಾಡಿಸಿಕೊಡುವಂತೆ ಕೋರಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಊರಿನ ಶಾಲೆಯಿಂದ ಬಸ್ ನಿಲ್ದಾಣದವರೆಗಿನ ರಸ್ತೆಯಲ್ಲಿ ಆರು ಬೀದಿದೀಪಗಳು ಒಂದು ತಿಂಗಳಿನಿಂದ ಉರಿಯುತ್ತಿಲ್ಲ. ಸಂಜೆ ವಿಶೇಷ ತರಗತಿ ಮುಗಿಸಿ ಮನೆಗೆ ಮರಳುವ ವಿದ್ಯಾರ್ಥಿನಿಯರಿಗೂ ವಯಸ್ಸಾದವರಿಗೂ ಕತ್ತಲಲ್ಲಿ ನಡೆಯುವುದು ಕಷ್ಟವಾಗಿದೆ. ಕಳೆದ ವಾರ ವೃದ್ಧರೊಬ್ಬರು ರಸ್ತೆಯ ಗುಂಡಿ ಕಾಣದೆ ಬಿದ್ದು ಗಾಯಗೊಂಡರು. ಆದ್ದರಿಂದ ತಾವು ದಯಮಾಡಿ ಈ ದೀಪಗಳನ್ನು ಆದಷ್ಟು ಬೇಗ ದುರಸ್ತಿ ಮಾಡಿಸಿಕೊಡಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ಸ್ಥಳ: ರಾಮಪುರ
ದಿನಾಂಕ:

ಇಂತಿ ತಮ್ಮ ವಿಶ್ವಾಸಿ,
ಮಾಲಾ

ಒಡಲಿನಲ್ಲಿರುವುದು ನಾಲ್ಕೇ ವಾಕ್ಯ: ಏನಾಗಿದೆ, ಯಾರಿಗೆ ತೊಂದರೆ, ಒಂದು ನಿದರ್ಶನ, ಏನು ಮಾಡಬೇಕು. ದಿನಾಂಕದ ಮುಂದೆ ಪರೀಕ್ಷೆಯ ದಿನದ ತಾರೀಖು ಬರೆ. ಇಡೀ ಪತ್ರ ಎಪ್ಪತ್ತು ಚಿಲ್ಲರೆ ಪದ. ನಿಮಿಷಕ್ಕೆ ಹನ್ನೆರಡು ಪದದ ಕೈಗೂ ಆರೇಳು ನಿಮಿಷಕ್ಕೆ ಮುಗಿಯುತ್ತದೆ. ಉಳಿದ ಐದು ನಿಮಿಷ ಪ್ರಶ್ನೆ ಓದಲಿಕ್ಕೂ ಅಧಿಕಾರಿಯ ಹುದ್ದೆ ಸರಿಯಾಗಿ ಬರೆಯಲಿಕ್ಕೂ ಇರಲಿ.

ಇಲ್ಲಿ ನಡೆಯುವ ತಪ್ಪುಗಳು ಮೂರೇ, ಪ್ರತಿ ವರ್ಷ ಅವೇ. ಪ್ರಶ್ನೆಯಲ್ಲಿ ಮಾಲಾ ಎಂದಿದ್ದರೂ ತಮ್ಮ ಹೆಸರು, ತಮ್ಮ ಶಾಲೆಯ ಹೆಸರು ಬರೆದುಬಿಡುವುದು ಮೊದಲನೆಯದು. ಬೋರ್ಡ್ ಪರೀಕ್ಷೆಯಲ್ಲಿ ಗುರುತು ಬಿಟ್ಟುಕೊಡುವಂತಿಲ್ಲ, ಆದ್ದರಿಂದ ಕೊಟ್ಟ ಹೆಸರೇ ನಿನ್ನ ಹೆಸರು. 'ವಿಷಯ'ದ ಸಾಲು ಮರೆಯುವುದು ಎರಡನೆಯದು. ಮೂರನೆಯದು ಖಾಸಗಿ ಪತ್ರವನ್ನೂ ವ್ಯಾವಹಾರಿಕ ಪತ್ರವನ್ನೂ ಬೆರೆಸುವುದು. ತಂದೆಗೆ ಬರೆಯುವ ಪತ್ರಕ್ಕೆ 'ವಿಷಯ' ಬೇಕಿಲ್ಲ. ಅಲ್ಲಿ ಮೇಲೆ ಕ್ಷೇಮ, ಶ್ರೀ, ಸ್ಥಳ ಮತ್ತು ದಿನಾಂಕ, 'ತೀರ್ಥರೂಪು ತಂದೆಯವರಿಗೆ' ಎಂಬ ಸಂಬೋಧನೆ, ನಮಸ್ಕಾರ, ಆಮೇಲೆ ಸಮಾಚಾರ, ಕೊನೆಗೆ ಹೊರವಿಳಾಸ. ಹಳೆಯ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಒಂದು ಖಾಸಗಿ, ಒಂದು ವ್ಯಾವಹಾರಿಕ ಪತ್ರವನ್ನು ಆಯ್ಕೆಗೆ ಕೊಟ್ಟಿರುತ್ತಾರೆ. ನಾನಾದರೆ ವ್ಯಾವಹಾರಿಕ ಪತ್ರ ಹಿಡಿ ಎನ್ನುತ್ತೇನೆ. ಅದರ ಒಡಲು ಚಿಕ್ಕದು, ಭಾವನೆ ಹುಡುಕಿಕೊಂಡು ಕೂರುವ ಗೋಜಿಲ್ಲ. ಅಭ್ಯಾಸದ ಮೊದಲ ಮೂರು ದಿನ ಒಡಲನ್ನೇ ಬಿಟ್ಟು ಬರೀ ಚೌಕಟ್ಟನ್ನು ಬೇರೆ ಬೇರೆ ಪ್ರಶ್ನೆಗಳಿಗೆ ಬರೆ. ಎರಡೂವರೆ ನಿಮಿಷದೊಳಗೆ ಕೈ ತಾನಾಗಿ ಬರೆಯುವಂತಾದ ಮೇಲೆ ಒಡಲು ಸೇರಿಸು.

ವ್ಯಾಕರಣದಲ್ಲಿ ನಿನ್ನ ತೊಡಕು ಪ್ರಸ್ತಾರ ಎಂದಿದ್ದೀಯ, ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಪ್ರಸ್ತಾರ ಹಾಕಿ, ಗಣ ವಿಭಾಗಿಸಿ, ಛಂದಸ್ಸಿನ ಹೆಸರು ಬರೆಯುವ ಪ್ರಶ್ನೆಗೆ ಮೂರು ಅಂಕ, ಐದು ನಿಮಿಷ. ಲೆಕ್ಕ ಮಾಡಿದಂತೆಯೇ ಇದೂ ಸರಿ–ತಪ್ಪು ನೀನೇ ತಾಳೆ ನೋಡಬಹುದಾದ ಪ್ರಶ್ನೆ. ಪಠ್ಯದ ಸಾಲು ಹಾಕಿದರೆ ನಿನಗೆ ಉತ್ತರ ಮೊದಲೇ ಗೊತ್ತಿರುತ್ತದೆ, ಅದಕ್ಕೆ ಅಭ್ಯಾಸಕ್ಕೆಂದೇ ಕಟ್ಟಿದ ಒಂದು ಸಾಲು ಕೊಡುತ್ತೇನೆ:

ಬರೆವ ಕೈಗಳು ನಡುಗದಂದದಿ

ಮೊದಲು ಗಣದ ಯೋಚನೆ ಬಿಡು. ಅಕ್ಷರಗಳನ್ನು ಸ್ವಲ್ಪ ಬಿಡಿಬಿಡಿಯಾಗಿ ಬರೆದುಕೊಂಡು ಗುರುಗಳನ್ನಷ್ಟೇ ಹುಡುಕು. ದೀರ್ಘ ಸ್ವರವಿರುವುದು, ಐ ಔ ಇರುವುದು, ಅನುಸ್ವಾರ ಅಥವಾ ವಿಸರ್ಗವಿರುವುದು, ವ್ಯಂಜನದಲ್ಲಿ ಕೊನೆಗೊಳ್ಳುವುದು, ಮತ್ತು ಒತ್ತಕ್ಷರದ ಹಿಂದಿರುವುದು ಗುರು. ಈ ಸಾಲಿನಲ್ಲಿ 'ಕೈ' ಒಂದು, 'ದಂ' ಒಂದು, ಎರಡೇ ಗುರು. ಉಳಿದದ್ದೆಲ್ಲ ಲಘು. ಈಗ ಮಾತ್ರೆ ಎಣಿಸಬೇಕು. ಅಕ್ಷರ ಎಣಿಸಿ ನೋಡು: ಬ, ರೆ, ವ, ಕೈ, ಗ, ಳು, ನ, ಡು, ಗ, ದಂ, ದ, ದಿ. ಹನ್ನೆರಡು ಅಕ್ಷರ, ಅದರಲ್ಲಿ ಎರಡು ಗುರು. ಹತ್ತು ಲಘುವಿಗೆ ಹತ್ತು, ಎರಡು ಗುರುವಿಗೆ ನಾಲ್ಕು, ಒಟ್ಟು 14 ಮಾತ್ರೆ. ಭಾಮಿನಿ ಷಟ್ಪದಿಯ ಚಿಕ್ಕ ಸಾಲಿಗೆ ಮೂರು, ನಾಲ್ಕು, ಮೂರು, ನಾಲ್ಕು ಎಂದು 14 ಮಾತ್ರೆಯೇ ಇರುವುದು. ಹಾಗೆ ಕತ್ತರಿಸಿದರೆ:

ಬರೆವ | ಕೈಗಳು | ನಡುಗ | ದಂದದಿ
∪ ∪ ∪ | – ∪ ∪ | ∪ ∪ ∪ | – ∪ ∪

'ನಡುಗದಂದದಿ' ಎಂಬ ಪದ ನಡುವೆಯೇ ತುಂಡಾದದ್ದು ನೋಡು. ಪದ ಮುಗಿಯುವ ಕಡೆಗೇ ಗಣದ ಗೆರೆ ಎಳೆಯಬೇಕೆಂದು ಅನೇಕರು ತಿಳಿದಿರುತ್ತಾರೆ, ಅಲ್ಲೇ ಪ್ರಸ್ತಾರ ಕೆಡುತ್ತದೆ. ಗಣಕ್ಕೆ ಪದದ ಹಂಗಿಲ್ಲ.

ಇದೇ ಷಟ್ಪದಿಯ ಮೂರನೆಯ ಸಾಲು ಹೀಗಿದೆ ಎಂದುಕೋ: 'ಮರೆಯದೆಂದಿಗು ಕಡೆಯ ಗುರುವನು ಗುರುತು ಹಾಕುವುದೈ'. ಮರೆಯ, ದೆಂದಿಗು, ಕಡೆಯ, ಗುರುವನು, ಗುರುತು, ಹಾಕುವು ಎಂದು ಮೂರು–ನಾಲ್ಕರ ಆರು ಗಣ, ಕೊನೆಗೆ 'ದೈ' ಎಂಬ ಒಂದು ಗುರು. ಒಟ್ಟು 23 ಮಾತ್ರೆ. ಗಣಗಳೆಲ್ಲ ಐದೈದು ಮಾತ್ರೆಯಾದರೆ ಅದು ವಾರ್ಧಕ ಷಟ್ಪದಿ. ನಾಲ್ಕು ನಾಲ್ಕಾಗಿ ಒಡೆದು, ಒಂದು ಸಾಲು 12, ಮುಂದಿನದು 20 ಮಾತ್ರೆ ಬಂದರೆ ಕಂದ.

ಒಟ್ಟು ಮಾತ್ರೆಯೇ ನಿನ್ನ ಕಾವಲುಗಾರ. 14 ಬರಬೇಕಾದಲ್ಲಿ 13 ಬಂದರೆ ಎಲ್ಲೋ ಒಂದು ಗುರು ಕಣ್ತಪ್ಪಿದೆ, ಅನುಸ್ವಾರವನ್ನೂ ಒತ್ತಕ್ಷರದ ಹಿಂದಿನ ಅಕ್ಷರವನ್ನೂ ಮೊದಲು ನೋಡು. 15 ಬಂದರೆ ಲಘುವನ್ನು ಗುರು ಮಾಡಿದ್ದೀಯ. ಬಹುಪಾಲು ಒತ್ತಕ್ಷರಕ್ಕೇ ಗುರು ಹಾಕಿರುತ್ತೀಯ. 'ಪುಸ್ತಕ' ಎಂಬಲ್ಲಿ 'ಪು' ಗುರು, 'ಸ್ತ' ಲಘು. ಎ–ಏ, ಒ–ಓ ಗೊಂದಲವೂ ಇಲ್ಲೇ ಬಯಲಾಗುತ್ತದೆ.

ಕೊಟ್ಟ ಸಾಲು ಅಕ್ಷರವೃತ್ತದ್ದಾದರೆ ಮಾತ್ರೆ ಎಣಿಸುತ್ತ ಕೂರಬೇಡ, ಅಕ್ಷರ ಎಣಿಸು. 19 ಇದ್ದರೆ ಶಾರ್ದೂಲವಿಕ್ರೀಡಿತ, 21 ಇದ್ದರೆ ಚಂಪಕಮಾಲೆ ಇರಬಹುದು. 20 ಇದ್ದರೆ ಉತ್ಪಲಮಾಲೆ, ಮತ್ತೇಭವಿಕ್ರೀಡಿತ ಎರಡಕ್ಕೂ ಹೊಂದುತ್ತದೆ. ಆಗ ಮೊದಲ ಮೂರು ಅಕ್ಷರ ನೋಡು: ಗುರು ಮೊದಲಿದ್ದು ಭಗಣವಾದರೆ ಉತ್ಪಲ, ಎರಡು ಲಘುವಿನ ಮೇಲೆ ಗುರು ಬಂದು ಸಗಣವಾದರೆ ಮತ್ತೇಭ. ಹೆಸರು ಗೊತ್ತಾದ ಮೇಲೂ ಪೂರ್ತಿ ಗಣ ಹಾಕಲೇಬೇಕು, ಅಂಕ ಅದಕ್ಕೂ ಇದೆ.

ಅಲಂಕಾರದ ಪ್ರಶ್ನೆಗೆ ಐದು ನಿಮಿಷ ಸಾಕು. ಹೆಸರು ಬರೆದು ಬಿಟ್ಟರೆ ಸಾಲದು, ಸಮನ್ವಯ ಬೇಕು. 'ಪರೀಕ್ಷೆಯ ದಿನ ಸಮಯವು ಕುದುರೆಯಂತೆ ಓಡಿತು' ಎಂಬ ವಾಕ್ಯದಲ್ಲಿ ಸಮಯ ಉಪಮೇಯ, ಕುದುರೆ ಉಪಮಾನ, ಅಂತೆ ಉಪಮಾವಾಚಕ, ಓಡುವುದು ಸಮಾನಧರ್ಮ, ಆದ್ದರಿಂದ ಇದು ಉಪಮಾಲಂಕಾರ ಎಂದು ಬರೆದು, ಯಾವುದನ್ನು ಯಾವುದಕ್ಕೆ ಹೋಲಿಸಿದೆ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸು.

ಒಂದು ಅಂಕದ ಸಂಧಿ, ಸಮಾಸ, ತತ್ಸಮ–ತದ್ಭವಗಳಿಗೆ ಪ್ರತ್ಯೇಕ ಸಮಯ ಬೇಡ. ಆದರೆ ಒಂದು ಎಚ್ಚರ: 'ಮಳೆಗಾಲ' ಎಂಬ ಪದವನ್ನು ಸಂಧಿ ಕೇಳಿದರೆ ಆದೇಶ, ಸಮಾಸ ಕೇಳಿದರೆ ತತ್ಪುರುಷ. ಪದ ಪರಿಚಿತವೆಂದು ಪ್ರಶ್ನೆ ಪೂರ್ತಿ ಓದದೆ ಆಯ್ಕೆ ಗುರುತಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಹತ್ತು ಹಳೆಯ ಪತ್ರಿಕೆಗಳ ಈ ಪ್ರಶ್ನೆಗಳನ್ನೆಲ್ಲ ಒಂದೇ ಹಾಳೆಗೆ ಇಳಿಸಿ, ಅರ್ಧ ಗಂಟೆಯಲ್ಲಿ ಒಟ್ಟಿಗೆ ಬಿಡಿಸಿ ನೋಡು. ಯಾವ ಸಂಧಿಯಲ್ಲಿ ಪದೇ ಪದೇ ತಪ್ಪುತ್ತೀಯೋ ಅದೊಂದನ್ನೇ ಮರುದಿನ ಓದು.

ಬಿಡಿ ಬಿಡಿ ಭಾಗಗಳು ಸಮಯದೊಳಗೆ ಬರತೊಡಗಿದ ಮೇಲೆ, ಸುಮಾರು ಮೂರನೆಯ ವಾರದಿಂದ, ಪೂರ್ತಿ ಪತ್ರಿಕೆ ಹಿಡಿ. ವಾರಕ್ಕೆ ಎರಡು ಸಾಕು. ಇಲ್ಲಿ ಮಕ್ಕಳು ಮಾಡುವ ತಪ್ಪೊಂದಿದೆ. ಬೆಳಿಗ್ಗೆ ಎದ್ದು, ಹೊಸ ಕೈಯಲ್ಲಿ ಪ್ರಬಂಧ ಬರೆದು, 13 ನಿಮಿಷಕ್ಕೆ ಮುಗಿಯಿತೆಂದು ಸಂತೋಷಪಡುತ್ತಾರೆ. ಪರೀಕ್ಷೆಯಲ್ಲಿ ಆ ಪ್ರಬಂಧವನ್ನು ಬರೆಯುವುದು ಎರಡು ಗಂಟೆ ಬರೆದು ದಣಿದ ಕೈ. ದಣಿದ ಕೈಯ ವೇಗ ಬೇರೆ, ಅಕ್ಷರ ಬೇರೆ, ಕಾಗುಣಿತವೂ ಬೇರೆ. 'ವಿದ್ಯಾರ್ಥಿ' ಎಂದು ಮೊದಲ ಪುಟದಲ್ಲಿ ಸರಿಯಾಗಿ ಬರೆದವರೇ ಕೊನೆಯ ಪುಟದಲ್ಲಿ 'ವಿಧ್ಯಾರ್ಥಿ' ಎಂದು ಬರೆದಿರುತ್ತಾರೆ. ಆದ್ದರಿಂದ ಐದು ನಿಮಿಷದ ಪದ ಎಣಿಕೆಯನ್ನು ಎರಡು ಗಂಟೆ ಬರೆದ ಮೇಲೆ ಇನ್ನೊಮ್ಮೆ ಮಾಡು. ಆ ಹುಡುಗಿಗೆ 60 ಇದ್ದದ್ದು 50ಕ್ಕೆ ಇಳಿಯಿತು. ಅವಳ ಪ್ರಬಂಧ ಹದಿನೈದು ವಾಕ್ಯದಿಂದ ಹದಿಮೂರಕ್ಕೆ ಬಂತು, ಆದರೆ ಉಪಸಂಹಾರದವರೆಗೂ ಬಂತು.

ಇಲ್ಲವೇ ಬರೆಯುವ ಕ್ರಮವನ್ನೇ ಬದಲಿಸಬಹುದು. ಪ್ರಶ್ನೆಸಂಖ್ಯೆ ಸರಿಯಾಗಿ ಹಾಕಿದರೆ ಯಾವ ಉತ್ತರವನ್ನು ಯಾವಾಗ ಬೇಕಾದರೂ ಬರೆಯಬಹುದು. ನಾನು ನನ್ನ ಮಕ್ಕಳಿಗೆ ಹೇಳುವುದು ಇಷ್ಟು: ಒಂದು ಅಂಕದವು, ಎರಡು ಅಂಕದವು ಮುಗಿದ ಕೂಡಲೇ ಪ್ರಸ್ತಾರ ಮತ್ತು ಅಲಂಕಾರ, ಆಮೇಲೆ ಪತ್ರ, ಪ್ರಬಂಧ, ಉಳಿದ ದೊಡ್ಡ ಉತ್ತರಗಳು ಕೊನೆಗೆ. ಪಾಠದ ಉತ್ತರವನ್ನು ಅವಸರದಲ್ಲಿ ಚಿಕ್ಕದಾಗಿ ಬರೆದರೂ ಅಂಶಗಳಿಗೆ ಅಂಕ ಬರುತ್ತದೆ, ಪ್ರಬಂಧವನ್ನು ಅವಸರದಲ್ಲಿ ಬರೆದರೆ ಕಟ್ಟಡವೇ ನಿಲ್ಲುವುದಿಲ್ಲ. ಇದನ್ನು ಒಂದು ಪತ್ರಿಕೆಯಲ್ಲಿ ಪ್ರಯೋಗ ಮಾಡಿ ನೋಡು, ನಿನಗೆ ಹಿಡಿಸದಿದ್ದರೆ ಮುದ್ರಿತ ಕ್ರಮದಲ್ಲೇ ಹೋಗು. ಪರೀಕ್ಷೆಯ ದಿನ ಮಾತ್ರ ಹೊಸ ಕ್ರಮ ಪ್ರಯೋಗಿಸಬೇಡ. ಓದಲು ಕೊಡುವ 15 ನಿಮಿಷದಲ್ಲಿ ಎರಡು ತೀರ್ಮಾನ ಆಗಿಹೋಗಬೇಕು: ಯಾವ ಪತ್ರ, ಯಾವ ಪ್ರಬಂಧ. ಪೆನ್ನು ಹಿಡಿದ ಮೇಲೆ ಆಯ್ಕೆ ಬದಲಿಸುವುದು ಬಲು ದುಬಾರಿ.

ಬರೆದದ್ದನ್ನು ಅದೇ ದಿನ ತಿದ್ದಬೇಡ. ಮರುದಿನ ಕೆಂಪು ಪೆನ್ನು ಹಿಡಿದು, ಮಂಡಲಿಯ ಮಾದರಿ ಉತ್ತರ ಪಕ್ಕದಲ್ಲಿಟ್ಟುಕೊಂಡು ನೀನೇ ಅಂಕ ಹಾಕು. ಪ್ರತಿ ಪ್ರಬಂಧ, ಪತ್ರದ ಮೂಲೆಯಲ್ಲಿ ಶುರುಮಾಡಿದ ಸಮಯ, ಮುಗಿಸಿದ ಸಮಯ, ಪದಗಳ ಸಂಖ್ಯೆ ಬರೆದಿಡು. ಪ್ರಬಂಧವನ್ನು ಮಾತ್ರ ನಿನ್ನ ಕನ್ನಡ ಮೇಷ್ಟ್ರಿಗೋ ಮೇಡಂಗೋ ತೋರಿಸು. ಚೌಕಟ್ಟು ಬಿಟ್ಟುಹೋದದ್ದು, ಮಾತ್ರೆ ತಪ್ಪಿದ್ದು ನಿನಗೇ ಕಾಣುತ್ತದೆ, ವಾಕ್ಯ ಜೋಲಿ ಹೊಡೆದದ್ದು ಬರೆದವರಿಗೆ ಕಾಣುವುದಿಲ್ಲ.

ಇಷ್ಟಾದರೂ ಪರೀಕ್ಷೆಯ ದಿನ ಎಲ್ಲೋ ತಡವಾಗಿ, ಹದಿನೈದು ನಿಮಿಷ ಉಳಿದು, ಪತ್ರವೂ ಪ್ರಬಂಧವೂ ಬಾಕಿ ಇದ್ದರೆ ಹೀಗೆ ಮಾಡು. ಮೊದಲು ಪತ್ರ: ಚೌಕಟ್ಟು ಪೂರ್ತಿ, ಒಡಲು ನಾಲ್ಕರ ಬದಲು ಎರಡು ವಾಕ್ಯ, ಆರು ನಿಮಿಷ. ಉಳಿದ ಒಂಬತ್ತರಲ್ಲಿ ಪ್ರಬಂಧದ ಶೀರ್ಷಿಕೆ, ಎರಡು ವಾಕ್ಯದ ಪೀಠಿಕೆ ಬರೆ. ಆಮೇಲೆ ವಿಷಯ ನಿರೂಪಣೆಗೆ ಎಂಟು ಹತ್ತು ಸಾಲು ಜಾಗ ಬಿಟ್ಟು, 'ಉಪಸಂಹಾರ' ಎಂದು ಬರೆದು ಅದರ ಎರಡು ವಾಕ್ಯ ಮುಗಿಸು. ಆನಂತರ ಹಿಂದಕ್ಕೆ ಬಂದು ನಡುವಿನ ಜಾಗವನ್ನು ಗಂಟೆ ಹೊಡೆಯುವವರೆಗೆ ತುಂಬುತ್ತ ಹೋಗು. ಇದನ್ನೂ ಮನೆಯಲ್ಲಿ ಒಂದು ಹಳೆಯ ಪತ್ರಿಕೆ ಇಟ್ಟುಕೊಂಡು, ಹದಿನೈದೇ ನಿಮಿಷಕ್ಕೆ ಅಲಾರಂ ಇಟ್ಟು, ಎರಡು ಸಲ ಮಾಡಿ ನೋಡಿರು.